ತೈಲದ ಚೆಕ್ ಯಾರ ಕೈಗೆ?

1938ರ ಡಿಸೆಂಬರಿನಲ್ಲಿ ಕುವೈತಿನ 14 ಮಂದಿಯ ಸಭೆಯೊಂದು ತಮ್ಮ ದೊರೆ ಶೇಖ್ ಅಹ್ಮದ್ ಅಲ್ ಜಾಬರ್ ಮುಂದೆ ಒಂದು ಬೇಡಿಕೆ ಇಟ್ಟಿತು. ತೈಲ ಕಂಪನಿಯಿಂದ ಮುಂದೆ ಬರಲಿರುವ ಚೆಕ್ಕನ್ನು ಶೇಖರು ತಾವೇ ಇಟ್ಟುಕೊಳ್ಳದೆ ಸಭೆಯ ಕೈಗೆ ಒಪ್ಪಿಸಬೇಕು ಎಂಬುದು ಆ ಬೇಡಿಕೆ. ಸಭೆ ಹುಟ್ಟಿ ಆಗಿನ್ನೂ ಆರು ತಿಂಗಳಾಗಿತ್ತು. ಅಷ್ಟರಲ್ಲೇ ಅದು ಮುತ್ತಿನ ಮೇಲಿನ ತೆರಿಗೆಯನ್ನು ರದ್ದು ಮಾಡಿತ್ತು, ಕೆಲವರಿಗಷ್ಟೇ ಸಿಕ್ಕಿದ್ದ ವ್ಯಾಪಾರದ ಏಕಸ್ವಾಮ್ಯಗಳನ್ನು ಕಿತ್ತುಹಾಕಿತ್ತು, ಹೊಸ ಶಾಲೆಗಳನ್ನು ತೆರೆದಿತ್ತು. ಇದನ್ನೆಲ್ಲ ಶೇಖರು ಹೇಗೋ ಸಹಿಸಿಕೊಂಡಿದ್ದರು. ಚೆಕ್ಕಿನ ಮಾತು ಬಂದದ್ದೇ ತಡ, ಸಭೆಯನ್ನೇ ಬರಖಾಸ್ತು ಮಾಡಿದರು.

ಆ ಹೊತ್ತಿಗೆ ಕುವೈತಿನಿಂದ ಒಂದು ಪೀಪಾಯಿ ಎಣ್ಣೆಯೂ ಹೊರಗೆ ಹೋಗಿರಲಿಲ್ಲ. ಬುರ್ಗಾನ್ ಎಂಬಲ್ಲಿ ಅದೇ ವರ್ಷದ ಫೆಬ್ರವರಿಯಲ್ಲಿ ತೈಲ ಚಿಮ್ಮಿತ್ತು, ಅಷ್ಟೆ. ಆದರೂ ಇಬ್ಬರಿಗೂ ವಿಷಯ ಸ್ಪಷ್ಟವಾಗಿ ಗೊತ್ತಿತ್ತು: ಮುಂದಿನ ಕುವೈತನ್ನು ಆಳುವವರು ಯಾರು ಎಂಬುದು ಆ ಚೆಕ್ ಯಾರ ಕೈ ಸೇರುತ್ತದೆ ಎಂಬುದರ ಮೇಲೆ ನಿಂತಿದೆ.

ನೆಲದಡಿಯಲ್ಲಿ ತೈಲವಿರುವ ದೇಶಗಳಲ್ಲಿ ಪ್ರಜಾಪ್ರಭುತ್ವ ಯಾಕೆ ಬೇರೂರುವುದಿಲ್ಲ ಎಂಬ ಪ್ರಶ್ನೆಯನ್ನು ರಾಜಕೀಯ ಶಾಸ್ತ್ರದವರು ಐವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಸಂಪತ್ತೇ ಮುಳುವಾಗುವ ಈ ಸ್ಥಿತಿಗೆ 'ಸಂಪನ್ಮೂಲ ಶಾಪ' ಎಂಬ ಹೆಸರೂ ಬಿದ್ದಿದೆ. ಉತ್ತರ ಹುಡುಕುವವರು ಸಾಮಾನ್ಯವಾಗಿ ಸೌದಿ ಅರೇಬಿಯಾವನ್ನೋ ಈಕ್ವಟೋರಿಯಲ್ ಗಿನಿಯನ್ನೋ ಎತ್ತಿಕೊಳ್ಳುತ್ತಾರೆ. ಅಲ್ಲಿ ಎಲ್ಲವೂ ಸಲೀಸು: ತೈಲವಿದೆ, ಸರ್ವಾಧಿಕಾರವಿದೆ, ಲೆಕ್ಕ ಮುಗಿಯಿತು. ನನಗೆ ಕುವೈತೇ ಹೆಚ್ಚು ಕಲಿಸುವ ದೇಶವಾಗಿ ಕಾಣುತ್ತದೆ. ಯಾಕೆಂದರೆ ಅಲ್ಲಿ ತೈಲಕ್ಕೂ ಮುಂಚೆ ದೊರೆಯನ್ನು ಬಗ್ಗಿಸಬಲ್ಲ ಜನರಿದ್ದರು, ತೈಲ ಬಂದ ಮೇಲೂ ಚುನಾಯಿತ ಸಂಸತ್ತು ಇತ್ತು. ಹಾಗಿದ್ದೂ ಆ ಸಂಸತ್ತು ಈಗ ಮುಚ್ಚಿದೆ. ತೈಲದ ಹಣ ಏನು ಮಾಡುತ್ತದೆ, ಏನು ಮಾಡಲಾರದು ಎಂಬ ಎರಡನ್ನೂ ಒಂದೇ ಊರಿನಲ್ಲಿ ನೋಡಬಹುದು.

ಮೊದಲು ತೈಲವಿಲ್ಲದ ಕಾಲಕ್ಕೆ ಹೋಗೋಣ. ಇಪ್ಪತ್ತನೇ ಶತಮಾನದ ಆರಂಭದ ಕುವೈತ್ ಎಂದರೆ ಮಣ್ಣಿನ ಗೋಡೆಯ ಒಂದು ಬಂದರು ಪಟ್ಟಣ. ಬೇಸಿಗೆಯಲ್ಲಿ ದೋಣಿಗಳು ಮುತ್ತು ತೆಗೆಯಲು ಹೊರಡುತ್ತಿದ್ದವು. ಉಳಿದ ಕಾಲದಲ್ಲಿ ದೊಡ್ಡ ಹಾಯಿ ಹಡಗುಗಳು ಬಸ್ರಾದ ಖರ್ಜೂರ ಹೇರಿಕೊಂಡು ಭಾರತದ ಪಶ್ಚಿಮ ಕರಾವಳಿಗೂ ಆಫ್ರಿಕಾಕ್ಕೂ ಹೋಗಿ, ಮಲಬಾರಿನ ಮರಮುಟ್ಟು ತರುತ್ತಿದ್ದವು. ಕುವೈತಿನ ಹಡಗುಗಳನ್ನು ಕಟ್ಟುತ್ತಿದ್ದದ್ದೇ ನಮ್ಮ ಕಡೆಯ ತೇಗದಿಂದ. ಅಲ್ಲಿನ ಪೇಟೆಯಲ್ಲಿ ಚಲಾವಣೆಯಲ್ಲಿದ್ದದ್ದೂ ಭಾರತದ ರೂಪಾಯಿಯೇ. 1961ರಲ್ಲಿ ದಿನಾರ್ ಬರುವವರೆಗೂ ರೂಪಾಯಿಯೇ ನಡೆಯುತ್ತಿತ್ತು.

ಆಳುತ್ತಿದ್ದದ್ದು ಅಲ್ ಸಬಾಹ್ ಮನೆತನ. ಆದರೆ ಹಣ ಇದ್ದದ್ದು ವರ್ತಕರ ಬಳಿ. ಶೇಖರಿಗೆ ಸ್ವಂತ ಆದಾಯ ಕಡಿಮೆ. ಬಂದರಿನ ಸುಂಕ, ಮುತ್ತಿನ ದೋಣಿಗಳಿಂದ ಬರುವ ಪಾಲು, ಸ್ವಲ್ಪ ಖರ್ಜೂರದ ತೋಟ. ಈ ಹಂಗು ಎಷ್ಟರಮಟ್ಟಿಗಿತ್ತು ಎಂಬುದಕ್ಕೆ 1910ರ ಒಂದು ಪ್ರಸಂಗ ಸಾಕು. ಆಗಿನ ದೊರೆ ಮುಬಾರಕ್ ಸಾಮಾನ್ಯನಲ್ಲ. 1896ರಲ್ಲಿ ತನ್ನ ಇಬ್ಬರು ಅಣ್ಣತಮ್ಮಂದಿರನ್ನು ಕೊಂದು ಗದ್ದುಗೆ ಏರಿದವನು. ಮರುಭೂಮಿಯ ಕಾಳಗಗಳ ಖರ್ಚಿಗೆಂದು ಅವನು ತೆರಿಗೆ ಏರಿಸಿದ, ದುಡಿಯುವ ಆಳುಗಳನ್ನೂ ಯುದ್ಧಕ್ಕೆ ಕೇಳಿದ. ಮುತ್ತಿನ ದೊಡ್ಡ ವರ್ತಕರು ದಂಗೆ ಏಳಲಿಲ್ಲ, ಅರ್ಜಿ ಕೊಡಲಿಲ್ಲ. ತಮ್ಮ ದೋಣಿಗಳನ್ನೂ ಮುಳುಗುಗಾರರನ್ನೂ ಕರೆದುಕೊಂಡು ಬಹ್ರೇನಿಗೆ ಹೊರಟೇ ಹೋದರು. ಬಂದರು ಬರಿದಾಯಿತು. ಅಣ್ಣತಮ್ಮಂದಿರ ರಕ್ತಕ್ಕೆ ಹೇಸದ ಮುಬಾರಕ್ ದೂತರನ್ನು ಅಟ್ಟಿ, ತಪ್ಪಾಯಿತೆಂದು ಹೇಳಿಸಿ, ತೆರಿಗೆ ಹಿಂದಕ್ಕೆ ತೆಗೆದುಕೊಂಡು ಅವರನ್ನು ಕರೆಸಿಕೊಳ್ಳಬೇಕಾಯಿತು.

ಸಂವಿಧಾನ, ಮತದಾನ ಇವೆಲ್ಲ ಆಗ ಅಲ್ಲಿ ಕೇಳರಿಯದ ಮಾತುಗಳು. ಆದರೂ ದೊರೆಯ ಮೇಲೊಂದು ಲಗಾಮು ಇತ್ತು. ತೆರಿಗೆ ಕೊಡುವವನು ಎದ್ದು ಹೋಗಬಲ್ಲ ಎಂಬುದೇ ಆ ಲಗಾಮು. ಇದೇ ಬಲದಿಂದ 1921ರಲ್ಲಿ ವರ್ತಕರು, ಹೊಸ ಶೇಖರು ತಮ್ಮನ್ನು ಕೇಳಿಯೇ ಆಳಬೇಕೆಂದು 12 ಮಂದಿಯ ಸಲಹಾ ಸಭೆಯೊಂದನ್ನು ಕಟ್ಟಿಸಿದರು. ಅದು ಬಹಳ ಕಾಲ ಬಾಳಲಿಲ್ಲ, ಆದರೆ ಪರಿಪಾಠವೊಂದು ಶುರುವಾಯಿತು.

ಆಮೇಲೆ ವರ್ತಕರಿಗೆ ಎರಡು ಏಟು ಒಟ್ಟಿಗೇ ಬಿದ್ದವು. ಜಪಾನಿನಲ್ಲಿ ಬೆಳೆಸಿದ ಮುತ್ತು ಅಗ್ಗಕ್ಕೆ ಪೇಟೆಗೆ ಬಂತು, ಜೊತೆಗೆ ಜಗತ್ತಿನ ಆರ್ಥಿಕ ಕುಸಿತ ಗಿರಾಕಿಗಳನ್ನು ನುಂಗಿತು. ಮುತ್ತಿನ ದಂಧೆ ಮುಳುಗುತ್ತಿದ್ದ ಹೊತ್ತಿಗೇ ಶೇಖ್ ಅಹ್ಮದರಿಗೆ ಬೇರೊಂದು ಆದಾಯದ ದಾರಿ ತೆರೆಯಿತು. 1934ರ ಡಿಸೆಂಬರಿನಲ್ಲಿ ಅವರು ಬ್ರಿಟಿಷರ ಮತ್ತು ಅಮೆರಿಕನ್ನರ ಜಂಟಿ ಪಾಲಿನ ಕುವೈತ್ ಆಯಿಲ್ ಕಂಪನಿಗೆ 75 ವರ್ಷಗಳ ಗುತ್ತಿಗೆ ಬರೆದುಕೊಟ್ಟರು. ಸಹಿ ಹಾಕಿದ ದಿನ 4,75,000 ರೂಪಾಯಿ. ತೈಲ ಸಿಗುವವರೆಗೆ ವರ್ಷಕ್ಕೆ ಕನಿಷ್ಠ 95,000 ರೂಪಾಯಿ. ಸಿಕ್ಕ ಮೇಲೆ ವರ್ಷಕ್ಕೆ ಕನಿಷ್ಠ ಎರಡೂವರೆ ಲಕ್ಷ.

ಈಗಿನ ಲೆಕ್ಕದಲ್ಲಿ ಇದು ದೊಡ್ಡ ಮೊತ್ತವೇನಲ್ಲ. ಗಮನಿಸಬೇಕಾದದ್ದು ಗುತ್ತಿಗೆಯ ಸ್ವರೂಪವನ್ನು. ಒಪ್ಪಂದ ಆದದ್ದು ಕಂಪನಿಗೂ ಶೇಖರಿಗೂ ನಡುವೆ. ಹಣ ಬರುವುದು ಹೊರದೇಶದಿಂದ, ಸೇರುವುದು ಒಬ್ಬರ ಕೈಗೆ. ಅದನ್ನು ಹುಟ್ಟಿಸಲು ಕುವೈತಿನ ಯಾವ ವರ್ತಕನ ಬಂಡವಾಳವೂ ಬೇಡ, ಯಾವ ಮುಳುಗುಗಾರನ ಶ್ವಾಸವೂ ಬೇಡ. ವರ್ತಕರು ಮತ್ತೆ ಎದ್ದು ಬಹ್ರೇನಿಗೆ ಹೊರಟರೂ ನೆಲದಡಿಯ ಎಣ್ಣೆ ಅವರ ಹಿಂದೆ ಹೋಗುವುದಿಲ್ಲ.

1938ರ ಆ ಸಭೆ ಹುಟ್ಟಿದ್ದು ಇದನ್ನು ಮೊದಲೇ ಕಂಡುಕೊಂಡವರಿಂದ. ಸುಮಾರು 150 ಪ್ರಮುಖ ಮನೆತನಗಳವರು ಸೇರಿ 14 ಮಂದಿಯನ್ನು ಆರಿಸಿದರು. ಅಧ್ಯಕ್ಷತೆ ವಹಿಸಿದ್ದು ಶೇಖರದೇ ಮನೆತನದ ಅಬ್ದುಲ್ಲಾ ಅಲ್ ಸಾಲಿಮ್. ಆಯವ್ಯಯ, ನ್ಯಾಯ, ಕಾವಲು, ಶಿಕ್ಷಣ ಎಲ್ಲವೂ ಸಭೆಯ ಅಧೀನ ಎಂದು ಬರೆಸಿಕೊಂಡರು. ಬ್ರಿಟಿಷರು ಮೊದಮೊದಲು ಬೆನ್ನು ತಟ್ಟಿದರು. ಸಭೆ ತೈಲದ ವ್ಯವಹಾರಕ್ಕೂ ಕೈ ಹಾಕುತ್ತದೆಂದು ಕಂಡಾಗ ಸುಮ್ಮನಾದರು. ಚೆಕ್ಕಿನ ಬೇಡಿಕೆಯ ಬೆನ್ನಿಗೇ ಸಭೆ ಹೋಯಿತು. ಅದರ ಜಾಗದಲ್ಲಿ ಬಂದ ಎರಡನೆಯ ಸಭೆಯೂ 1939ರ ಮಾರ್ಚ್ ದಾಟಲಿಲ್ಲ. ಆ ಗಲಾಟೆಯಲ್ಲಿ ಪ್ರಾಣಹಾನಿಯೂ ಆಯಿತು, ಕೆಲವರು ಜೈಲು ಕಂಡರು, ಕೆಲವರು ಊರು ಬಿಟ್ಟರು. ಈ ಸಲ ಊರು ಬಿಟ್ಟವರನ್ನು ಕರೆತರಲು ಯಾರೂ ದೂತರನ್ನು ಕಳಿಸಲಿಲ್ಲ.

ಯುದ್ಧದ ಕಾಲದಲ್ಲಿ ಬಾವಿಗಳನ್ನು ಸಿಮೆಂಟು ಹಾಕಿ ಮುಚ್ಚಿದ್ದರು. 1946ರ ಜೂನ್ 30ರಂದು ಶೇಖ್ ಅಹ್ಮದ್ ಬೆಳ್ಳಿಯ ಚಕ್ರವೊಂದನ್ನು ತಿರುಗಿಸಿದಾಗ ಮೊದಲ ತೈಲ ಹಡಗಿಗೆ ಹರಿಯಿತು. 1950ರಲ್ಲಿ ಅವರು ತೀರಿಕೊಂಡು, ಹಿಂದೆ ಸಭೆಯ ಅಧ್ಯಕ್ಷರಾಗಿದ್ದ ಅದೇ ಅಬ್ದುಲ್ಲಾ ಅಲ್ ಸಾಲಿಮ್ ಗದ್ದುಗೆಗೆ ಬಂದರು. ಮರುವರ್ಷ ಲಾಭದಲ್ಲಿ ಅರ್ಧ ಪಾಲಿನ ಹೊಸ ಒಪ್ಪಂದವಾಯಿತು. ಪಕ್ಕದ ಇರಾನಿನ ತೈಲ ರಾಷ್ಟ್ರೀಕರಣದ ಜಗಳದಲ್ಲಿ ಸಿಕ್ಕಿಕೊಂಡಿದ್ದರಿಂದ ಜಗತ್ತಿನ ಗಿರಾಕಿಗಳೆಲ್ಲ ಕುವೈತಿಗೆ ಬಂದರು. ಹತ್ತು ಲಕ್ಷ ಡಾಲರಿಗೂ ಕಡಿಮೆಯಿದ್ದ ವಾರ್ಷಿಕ ಆದಾಯ ಏಳೆಂಟು ವರ್ಷಗಳಲ್ಲಿ ಹದಿನೈದು ಕೋಟಿ ಡಾಲರನ್ನು ದಾಟಿತು.

ಈ ಹಣವನ್ನು ಹೇಗೆ ಹಂಚಿದರು ಎಂಬುದರಲ್ಲೇ ಎಲ್ಲ ಗುಟ್ಟೂ ಇದೆ. ಹೊಸ ಊರು ಕಟ್ಟುವುದಕ್ಕೆಂದು ಸರ್ಕಾರ ಹಳೆಯ ಪಟ್ಟಣದ ಜಾಗಗಳನ್ನು ಪೇಟೆ ಬೆಲೆಗಿಂತ ಎಷ್ಟೋ ಪಟ್ಟು ಕೊಟ್ಟು ಖರೀದಿಸಿತು. ಹಳೆಯ ಪಟ್ಟಣದ ಮನೆ, ಮಳಿಗೆಗಳು ಯಾರವು? ವರ್ತಕರವು. ಖರೀದಿಯ ಹಣ ಅವರ ಪೆಟ್ಟಿಗೆ ಸೇರಿತು. ಅದೇ ಜಾಗದ ಒಂದಷ್ಟನ್ನು ಸರ್ಕಾರ ಆಮೇಲೆ ಅಗ್ಗದ ದರಕ್ಕೆ ಮಾರಿದ್ದೂ ಉಂಟು. ವ್ಯಾಪಾರಕ್ಕೆ ಬರುವ ವಿದೇಶಿ ಕಂಪನಿ ಕುವೈತಿನವನನ್ನು ಪಾಲುದಾರನನ್ನಾಗಿ ಮಾಡಿಕೊಳ್ಳಲೇಬೇಕು, ದೊಡ್ಡ ಪಾಲು ಅವನದೇ ಇರಬೇಕು ಎಂದು 1960ರಲ್ಲಿ ಕಾನೂನಾಯಿತು. ರಾಜಮನೆತನದವರು ಪೇಟೆಯ ಪೈಪೋಟಿಗೆ ಇಳಿಯದೆ ವ್ಯಾಪಾರವನ್ನು ವರ್ತಕರಿಗೆ ಬಿಟ್ಟರು. ವರ್ತಕರು ತೈಲದ ಆದಾಯದ ತೀರ್ಮಾನವನ್ನು ಅರಮನೆಗೆ ಬಿಟ್ಟರು. ಎಲ್ಲಿಯೂ ಬರೆದಿಡದ ಈ ಒಡಂಬಡಿಕೆಯನ್ನು ಜಿಲ್ ಕ್ರಿಸ್ಟಲ್ ಎಂಬ ಸಂಶೋಧಕಿ 1990ರ ತಮ್ಮ ಪುಸ್ತಕದಲ್ಲಿ ವಿವರವಾಗಿ ತೋರಿಸಿದ್ದಾರೆ. 1938ರಲ್ಲಿ ಚೆಕ್ ಕೇಳಿದವರ ಮಕ್ಕಳು 1958ರ ಹೊತ್ತಿಗೆ ಏಜೆನ್ಸಿಗಳ ಮಾಲೀಕರಾಗಿದ್ದರು.

ಸಾಮಾನ್ಯ ನಾಗರಿಕರಿಗೂ ಪಾಲು ಬಂತು. ಪುಕ್ಕಟೆ ಶಾಲೆ, ಪುಕ್ಕಟೆ ಆಸ್ಪತ್ರೆ, ಮನೆಗೆ ಸಾಲ, ನೀರು ವಿದ್ಯುತ್ತಿಗೆ ನಾಮಮಾತ್ರದ ದರ, ಎಲ್ಲಕ್ಕಿಂತ ಮಿಗಿಲಾಗಿ ಸರ್ಕಾರಿ ನೌಕರಿ. ಇವತ್ತಿಗೂ ದುಡಿಯುವ ಕುವೈತಿಗಳಲ್ಲಿ ಬಹುಪಾಲು ಜನ ಸರ್ಕಾರದ ಸಂಬಳದಲ್ಲೇ ಇದ್ದಾರೆ. ಆದಾಯ ತೆರಿಗೆ ಸೊನ್ನೆ. ಸರ್ಕಾರದ ಆದಾಯದಲ್ಲಿ ನೂರಕ್ಕೆ ಸುಮಾರು 90 ಪಾಲು ತೈಲದಿಂದಲೇ ಬರುತ್ತದೆ.

ಇಂಥ ದೇಶಗಳನ್ನು ಕುರಿತು 1970ರಲ್ಲಿ ಇರಾನಿನ ಅರ್ಥಶಾಸ್ತ್ರಜ್ಞ ಹೊಸೇನ್ ಮಹ್ದವಿ ಒಂದು ಮಾತು ಹುಟ್ಟುಹಾಕಿದರು. ಕನ್ನಡದಲ್ಲಿ ಅದನ್ನು ಗೇಣಿಯ ಮೇಲೆ ಬದುಕುವ ರಾಜ್ಯ ಎನ್ನಬಹುದು. ಹಳೆಯ ಕಾಲದ ಗೇಣಿಯ ಒಡೆಯನಿಗೆ ಗದ್ದೆಯ ಕೆಸರು ಮೆಟ್ಟುವ ಅಗತ್ಯವಿರಲಿಲ್ಲ, ಕಾಲಕ್ಕೆ ಸರಿಯಾಗಿ ಅಕ್ಕಿಮುಡಿ ಅಂಗಳಕ್ಕೆ ಬಂದರಾಯಿತು. ತೈಲ ರಾಜ್ಯದ್ದೂ ಅದೇ ಬಗೆ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ: ಇಲ್ಲಿ ಗೇಣಿ ಕೊಡುವವನು ಊರಿನ ಒಕ್ಕಲಲ್ಲ, ಎಲ್ಲೋ ದೂರದ ಗಿರಾಕಿ. ಆದ್ದರಿಂದ ಒಡೆಯನಿಗೆ ಊರಿನವರ ಮುಲಾಜಿಲ್ಲ. ಊರಿನವರೇ ಒಡೆಯನ ಅಂಗಳದಲ್ಲಿ ಪಾಲಿಗಾಗಿ ನಿಲ್ಲುತ್ತಾರೆ. ತೆರಿಗೆ ಕೊಡುವ ಪ್ರಜೆ 'ನನ್ನ ದುಡ್ಡನ್ನು ಏನು ಮಾಡಿದೆ?' ಎಂದು ಕೇಳುತ್ತಾನೆ. ಪಾಲು ಪಡೆಯುವ ಪ್ರಜೆ 'ನನಗೆಷ್ಟು?' ಎಂದು ಕೇಳುತ್ತಾನೆ. 2016ರ ಏಪ್ರಿಲಿನಲ್ಲಿ ಕುವೈತಿನ ತೈಲ ನೌಕರರು ಮೂರು ದಿನ ಮುಷ್ಕರ ಹೂಡಿ ಉತ್ಪಾದನೆಯನ್ನು ಮೊದಲ ದಿನವೇ ಅರ್ಧಕ್ಕಿಂತ ಕೆಳಗೆ ಇಳಿಸಿದ್ದರು. ಅಷ್ಟು ಬಲವಿದ್ದವರು ಕೇಳಿದ್ದು ತಮ್ಮ ಸಂಬಳ, ಸವಲತ್ತು ಕಡಿಮೆಯಾಗಬಾರದು ಎಂಬುದನ್ನು ಮಾತ್ರ.

ಹಾಗಾದರೆ ಕುವೈತಿಗೆ ಸಂಸತ್ತು ಬಂದದ್ದು ಹೇಗೆ? ತೈಲದ ಹಣಕ್ಕೆ ಕೊಳ್ಳಲಾಗದ್ದೊಂದು ಎದುರಾದಾಗ. 1961ರ ಜೂನಿನಲ್ಲಿ ಬ್ರಿಟಿಷರ ರಕ್ಷಣೆಯ ಒಪ್ಪಂದ ಮುಗಿದು ಕುವೈತ್ ಸ್ವತಂತ್ರವಾಯಿತು. ಒಂದೇ ವಾರದಲ್ಲಿ ಇರಾಕ್ 'ಕುವೈತ್ ನಮ್ಮದು' ಎಂದಿತು. ಸಣ್ಣ ದೇಶ, ಪುಟ್ಟ ಸೈನ್ಯ. ಇದೊಂದು ನಿಜವಾದ ದೇಶ, ಜನ ಈ ಮನೆತನದ ಜೊತೆಗಿದ್ದಾರೆ ಎಂದು ಜಗತ್ತಿಗೆ ತೋರಿಸಬೇಕಾಗಿತ್ತು. ಅಬ್ದುಲ್ಲಾ ಅಲ್ ಸಾಲಿಮ್‌ಗೆ 1938ರ ನೆನಪೂ ಇತ್ತು. 1962ರ ನವೆಂಬರಿನಲ್ಲಿ ಸಂವಿಧಾನ, ಮರುವರ್ಷ 50 ಚುನಾಯಿತ ಸದಸ್ಯರ ಸಂಸತ್ತು. ಮಂತ್ರಿಗಳನ್ನು ಕರೆಸಿ ಪ್ರಶ್ನಿಸುವ, ಅವರ ಮೇಲೆ ಅವಿಶ್ವಾಸ ಗೊತ್ತುವಳಿ ತರುವ ಅಧಿಕಾರ ಸದಸ್ಯರಿಗಿತ್ತು. ಆದರೆ ಪ್ರಧಾನಿಯನ್ನು ನೇಮಿಸುವುದು ಅಮೀರರು. ಮುಖ್ಯ ಖಾತೆಗಳೆಲ್ಲ ಮನೆತನದವರಿಗೆ. ಮಂತ್ರಿಗಳೂ ಸದನದಲ್ಲಿ ಕೂತು ಮತ ಹಾಕುತ್ತಿದ್ದರು. ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ್ದು 2005ರಲ್ಲಿ. ಇದು ಸರ್ಕಾರ ರಚಿಸಬಲ್ಲ ಸಂಸತ್ತಲ್ಲ, ಅಡ್ಡಿ ಮಾಡಬಲ್ಲ ಸಂಸತ್ತು.

ಪಕ್ಕದ ಕತಾರಿನಲ್ಲಿ ಇಷ್ಟೂ ಆಗಲಿಲ್ಲ. ಅಲ್ಲಿ ವರ್ತಕರ ವರ್ಗ ಬಹಳ ಸಣ್ಣದಿತ್ತು. ತೈಲ ಬರುವ ಮುನ್ನ ದೊರೆಯನ್ನು ಬಗ್ಗಿಸಿದ ನೆನಪು ಅದಕ್ಕಿರಲಿಲ್ಲ. ತೈಲ ಎಲ್ಲ ಕಡೆ ಒಂದೇ ಅಚ್ಚು ಒತ್ತುವುದಿಲ್ಲ. ಅದು ಬರುವ ಹೊತ್ತಿಗೆ ಅಲ್ಲಿ ಏನಿತ್ತೋ ಅದನ್ನು ಗಟ್ಟಿ ಮಾಡುತ್ತದೆ. ನಾರ್ವೆಯಲ್ಲಿ 1969ರಲ್ಲಿ ತೈಲ ಸಿಕ್ಕಾಗ ಸಂವಿಧಾನಕ್ಕೆ 150 ವರ್ಷ ದಾಟಿತ್ತು, ಜನ ತೆರಿಗೆ ಕೊಟ್ಟು ಲೆಕ್ಕ ಕೇಳುವುದನ್ನು ರೂಢಿಸಿಕೊಂಡಿದ್ದರು. ಅಲ್ಲಿ ತೈಲ ಆ ರೂಢಿಯನ್ನೇ ಗಟ್ಟಿ ಮಾಡಿತು.

ಕುವೈತಿನ ಸಂಸತ್ತು ಬೊಂಬೆಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1974ರಲ್ಲಿ ತೈಲ ಕಂಪನಿಯ 60 ಪ್ರತಿಶತ ಪಾಲು ಕೊಳ್ಳುವ ಒಪ್ಪಂದಕ್ಕೆ ಅದು ತಕರಾರು ತೆಗೆದು, ಪೂರ್ತಿ ರಾಷ್ಟ್ರೀಕರಣಕ್ಕೆ ಒತ್ತಾಯಿಸಿತು. 1975ರಲ್ಲಿ ಕಂಪನಿ ಪೂರ್ತಿ ಸರ್ಕಾರದ್ದಾಯಿತು. ಇಲ್ಲೊಂದು ವಿಪರ್ಯಾಸವಿದೆ. ಅಮೆರಿಕದ ರಾಜಕೀಯ ಶಾಸ್ತ್ರಜ್ಞ ಮೈಕೆಲ್ ರಾಸ್ ಹತ್ತಾರು ದೇಶಗಳ ಅಂಕಿಅಂಶ ಜೋಡಿಸಿ ತೋರಿಸಿದ ಪ್ರಕಾರ, 1980ಕ್ಕೂ ಮೊದಲು ತೈಲವಿರುವ ಮತ್ತು ಇಲ್ಲದ ಬಡ ದೇಶಗಳ ನಡುವೆ ಆಳ್ವಿಕೆಯ ವಿಷಯದಲ್ಲಿ ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ. ಆಮೇಲೆ ತೈಲವಿಲ್ಲದ ಎಷ್ಟೋ ದೇಶಗಳು ಚುನಾವಣೆಯ ಕಡೆ ಹೊರಳಿದವು, ತೈಲದವು ಇದ್ದಲ್ಲೇ ಉಳಿದವು. ಎಪ್ಪತ್ತರ ದಶಕದಲ್ಲಿ ಆದದ್ದೇನೆಂದರೆ ಬೆಲೆ ಏರಿತು, ವಿದೇಶಿ ಕಂಪನಿಗಳು ನುಂಗುತ್ತಿದ್ದ ಲಾಭವೂ ರಾಷ್ಟ್ರೀಕರಣದಿಂದ ಆಳುವವರ ಕೈಗೆ ಬಂತು. ಸಾಮ್ರಾಜ್ಯಶಾಹಿಯ ಎದುರು ಗೆದ್ದ ಆ ನ್ಯಾಯವಾದ ಗೆಲುವು ಸ್ವಂತ ಜನರ ಎದುರು ದೊರೆಗಳ ಬಲ ಹೆಚ್ಚಿಸಿತು. ಕುವೈತಿನಲ್ಲಿ ರಾಷ್ಟ್ರೀಕರಣದ ಮರುವರ್ಷ, 1976ರ ಆಗಸ್ಟಿನಲ್ಲಿ ಸಂಸತ್ತನ್ನು ಮುಚ್ಚಿದರು. ವಿಸರ್ಜನೆಯಾದ ಎರಡು ತಿಂಗಳೊಳಗೆ ಚುನಾವಣೆ ನಡೆಯಲೇಬೇಕು ಎನ್ನುವ ಸಂವಿಧಾನದ 107ನೇ ವಿಧಿಯನ್ನೂ ಅಮಾನತಿನಲ್ಲಿಟ್ಟರು.

1981ರಲ್ಲಿ ಸಂಸತ್ತು ಮತ್ತೆ ತೆರೆಯಿತು, ಆದರೆ ಬೇರೆ ಲೆಕ್ಕದಲ್ಲಿ. 10 ಇದ್ದ ಕ್ಷೇತ್ರಗಳನ್ನು 25 ಮಾಡಿದ್ದರು. ಅದಕ್ಕೂ ಹಿಂದೆ ಮರುಭೂಮಿಯ ಬುಡಕಟ್ಟುಗಳ ಸಾವಿರಾರು ಮಂದಿಗೆ ಪೌರತ್ವ ಕೊಟ್ಟಿದ್ದರು. ಪೌರತ್ವವೆಂದರೆ ಮನೆ, ನೌಕರಿ, ಪಿಂಚಣಿ. ಕೊಟ್ಟ ಕೈಗೆ ಇವರು ನಿಷ್ಠರಾಗಿರುತ್ತಾರೆ, ನಗರದ ವಿರೋಧಿಗಳನ್ನು ಮಣಿಸುತ್ತಾರೆ ಎಂಬ ಎಣಿಕೆ. ಸ್ವಲ್ಪ ಕಾಲ ಅದು ಫಲಿಸಿತು ಕೂಡ.

ನಂತರ ಬಂದದ್ದು ಸೂಕ್ ಅಲ್ ಮನಾಖ್. ಅದೊಂದು ಅನಧಿಕೃತ ಷೇರು ಪೇಟೆ; ಹಿಂದೆ ಒಂಟೆಗಳನ್ನು ಮಾರುತ್ತಿದ್ದ ಜಾಗದಲ್ಲಿ ಎದ್ದ ಹವಾನಿಯಂತ್ರಿತ ಕಟ್ಟಡದಲ್ಲಿ ನಡೆಯುತ್ತಿತ್ತು. ವ್ಯಾಪಾರ ಮುಂದಿನ ತಾರೀಖಿನ ಚೆಕ್ಕುಗಳ ಮೇಲೆ. ಇವತ್ತು ಷೇರು ಕೊಂಡು, ವರ್ಷದ ನಂತರದ ತಾರೀಖು ಹಾಕಿ ದೊಡ್ಡ ಮೊತ್ತದ ಚೆಕ್ ಕೊಟ್ಟರಾಯಿತು. ಅಷ್ಟರಲ್ಲಿ ಬೆಲೆ ಏರಿರುತ್ತದೆ ಎಂಬ ನಂಬಿಕೆ. 1982ರ ಆಗಸ್ಟಿನಲ್ಲಿ ಯಾರೋ ಚೆಕ್ಕನ್ನು ಬೇಗ ನಗದು ಮಾಡಲು ಹೋದರು, ಇಡೀ ಪೇಟೆ ಕುಸಿಯಿತು. ಬಾಕಿ ಬಿದ್ದ ಚೆಕ್ಕುಗಳ ಮೊತ್ತ ಸುಮಾರು 9,400 ಕೋಟಿ ಡಾಲರ್. ದೇಶದ ವಾರ್ಷಿಕ ತೈಲ ಆದಾಯ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಸರ್ಕಾರ ಪರಿಹಾರ ನಿಧಿ ಮಾಡಿ ಕೈಹಿಡಿಯಿತು. ಆ ನಿಧಿ ಯಾರ್ಯಾರಿಗೆ ಹೋಯಿತು ಎಂದು 1985ರಲ್ಲಿ ಆರಿಸಿ ಬಂದ ಸಂಸತ್ತು ಕೆದಕತೊಡಗಿತು. ಸದನದ ಪ್ರಶ್ನೆಗಳನ್ನು ಎದುರಿಸಲಾಗದೆ ನ್ಯಾಯ ಮಂತ್ರಿ ರಾಜೀನಾಮೆ ಕೊಟ್ಟರು. ಅವರು ರಾಜಮನೆತನದವರು. ಪ್ರಶ್ನೆಗಳು ಇನ್ನೂ ಮೇಲಕ್ಕೆ ಹೋಗುತ್ತಿದ್ದಾಗ, 1986ರ ಜುಲೈನಲ್ಲಿ, ಸಂಸತ್ತಿಗೆ ಮತ್ತೆ ಬೀಗ ಬಿತ್ತು. 107ನೇ ವಿಧಿ ಮತ್ತೆ ಅಮಾನತು.

ಶಾಪದ ಸಿದ್ಧಾಂತವನ್ನು ಸರಳವಾಗಿ ನಂಬುವವರು ಇಲ್ಲಿ ತಡವರಿಸುತ್ತಾರೆ. 1986ರಲ್ಲಿ ತೈಲದ ಬೆಲೆ ಪೀಪಾಯಿಗೆ 10 ಡಾಲರಿನ ಆಸುಪಾಸಿಗೆ ಬಿದ್ದಿತ್ತು. ಹಣ ಕಡಿಮೆಯಾದರೆ ದೊರೆ ಜನರ ಕಡೆ ತಿರುಗಬೇಕಲ್ಲವೇ? ಕುವೈತಿನ ದೊರೆಗೆ ಆ ತುರ್ತು ಇರಲಿಲ್ಲ. 1953ರಿಂದಲೇ ಲಂಡನ್ನಿನಲ್ಲಿ ಹೂಡಿಕೆ ಮಂಡಳಿ ಇತ್ತು. 1976ರಿಂದ ಆದಾಯದ ಹತ್ತನೇ ಒಂದು ಪಾಲು ಮುಂದಿನ ಪೀಳಿಗೆಯ ನಿಧಿಗೆ ಹೋಗುತ್ತಿತ್ತು. ಎಣ್ಣೆಯಷ್ಟೇ ಬಡ್ಡಿಯೂ ದುಡಿಯುತ್ತಿತ್ತು. ನಿಧಿಯ ವಿವರಗಳನ್ನು ಸಾರ್ವಜನಿಕರಿಗೆ ತಿಳಿಸುವುದನ್ನೇ ನಿಷೇಧಿಸುವ ಕಾನೂನು 1982ರಲ್ಲಿ ಬಂತು. ನಾರ್ವೆಯ ನಿಧಿ ತಾನು ಯಾವ ಕಂಪನಿಯ ಎಷ್ಟು ಷೇರು ಇಟ್ಟುಕೊಂಡಿದೆ ಎಂಬುದನ್ನು ಹೆಸರು ಸಮೇತ ಪ್ರಕಟಿಸುತ್ತದೆ. ಒಂದು ತೈಲ ದೇಶ ಯಾವ ದಿಕ್ಕಿನಲ್ಲಿದೆ ಎಂದು ಅಳೆಯಬೇಕಾದರೆ ಚುನಾವಣೆ ಇದೆಯೇ ಎಂದು ನೋಡುವುದಕ್ಕಿಂತ ಮೊದಲು ಈ ಲೆಕ್ಕದ ಪುಸ್ತಕ ತೆರೆದಿದೆಯೇ ಎಂದು ನೋಡುವುದು ಮೇಲು.

ಮುಚ್ಚಿದ ಸಂಸತ್ತು ಜನರ ಮನೆಗಳಿಗೆ ಹೋಯಿತು. ಕುವೈತಿನ ಪ್ರತಿ ದೊಡ್ಡ ಮನೆಗೂ ಹೊರಬಾಗಿಲಿನ ಪಕ್ಕ ದಿವಾನಿಯಾ ಎಂಬ ಒಂದು ಉದ್ದನೆಯ ಕೋಣೆ ಇರುತ್ತದೆ. ಗೋಡೆಯುದ್ದಕ್ಕೂ ಮೆತ್ತೆಗಳು, ಸಂಜೆಯಾದ ಮೇಲೆ ಗಂಡಸರು ಬಂದು ಕೂತು ಚಹಾ, ಕಾಫಿ ಕುಡಿಯುತ್ತ ವ್ಯಾಪಾರದಿಂದ ಹಿಡಿದು ಮದುವೆಯವರೆಗೆ ಎಲ್ಲವನ್ನೂ ಮಾತಾಡುತ್ತಾರೆ. ಅದು ಮನೆಯ ಭಾಗವಾದ್ದರಿಂದ ಪೊಲೀಸರು ಒಳಗೆ ಬರುವ ರೂಢಿಯಿಲ್ಲ. 1989ರ ಕೊನೆಯಲ್ಲಿ ಮಾಜಿ ಸದಸ್ಯರು ಪ್ರತಿ ಸೋಮವಾರ ಒಬ್ಬೊಬ್ಬರ ದಿವಾನಿಯಾದಲ್ಲಿ ಸೇರಿ ಸಂವಿಧಾನ ಮರಳಿ ಬೇಕೆಂದು ಮಾತಾಡತೊಡಗಿದರು. ಬರುವವರ ಸಂಖ್ಯೆ ಸಾವಿರಗಳಿಗೆ ಏರಿತು. ಪೊಲೀಸರು ರಸ್ತೆ ತಡೆದರು, ಗುಂಪು ಚದುರಿಸಿದರು. ಸರ್ಕಾರ ಸಂಸತ್ತಿನ ಬದಲು ಬರೀ ಸಲಹೆ ಕೊಡುವ ಮಂಡಳಿಯೊಂದನ್ನು 1990ರಲ್ಲಿ ಮುಂದಿಟ್ಟಿತು. ಆಗಸ್ಟ್ 2ಕ್ಕೆ ಇರಾಕಿನ ಟ್ಯಾಂಕುಗಳು ಬಂದವು.

ಹೊರದೇಶದ ಹೂಡಿಕೆಯಿಂದಾಗಿ ಸೌದಿಯಲ್ಲಿ ಕೂತ ಸರ್ಕಾರಕ್ಕೆ ಹಣದ ಕೊರತೆ ಆಗಲಿಲ್ಲ. ನಿರಾಶ್ರಿತ ನಾಗರಿಕರಿಗೆ ಭತ್ಯೆಯನ್ನೂ ಕೊಟ್ಟಿತು. ಆದರೆ ಜಗತ್ತಿನ ಸೈನ್ಯ ಬರಬೇಕಾದರೆ ಕುವೈತಿಗಳು ಈ ಮನೆತನವನ್ನು ಬೇಡವೆನ್ನುತ್ತಿಲ್ಲ ಎಂದು ತೋರಿಸಬೇಕಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಜಿದ್ದಾದಲ್ಲಿ ಸೇರಿದ ಸಭೆಯಲ್ಲಿ ವಿರೋಧಿಗಳು ಅಮೀರರ ಬೆನ್ನಿಗೆ ನಿಂತರು, ಪ್ರತಿಯಾಗಿ ಸಂವಿಧಾನ ಮರಳುವ ಮಾತು ಪಡೆದರು. 1992ರಲ್ಲಿ ಚುನಾವಣೆ ನಡೆಯಿತು. 1961ರಲ್ಲೂ 1990ರಲ್ಲೂ ಸಂಸತ್ತು ಬಂದದ್ದು ದೊರೆಗೆ ತನ್ನ ಜನರ ಒಪ್ಪಿಗೆ ಬೇಕಾದ ಗಳಿಗೆಯಲ್ಲಿ.

ಇಷ್ಟೆಲ್ಲ ಹೇಳುವಾಗ ನಾವು ಎಣಿಸಿದ್ದು ಕುವೈತಿನಲ್ಲಿ ಇರುವವರಲ್ಲಿ ಮೂರನೇ ಒಂದು ಪಾಲಿಗೂ ಕಡಿಮೆ ಜನರನ್ನು. ಸುಮಾರು 50 ಲಕ್ಷ ಜನಸಂಖ್ಯೆಯಲ್ಲಿ ಪೌರರು 15 ಲಕ್ಷದಷ್ಟು. ಉಳಿದವರು ಹೊರಗಿನವರು, ಅವರಲ್ಲಿ ಭಾರತೀಯರದೇ ದೊಡ್ಡ ಗುಂಪು. ಮಂಗಳೂರು, ಉಡುಪಿ, ಭಟ್ಕಳದ ಕಡೆ ಗಲ್ಫ್ ಸಂಬಳದಿಂದ ಎದ್ದ ಮನೆಗಳಿಗೆ ಲೆಕ್ಕವಿಲ್ಲ. ಈ ದುಡಿಯುವ ಜನರ ಇರುವಿಕೆಯೇ ಅಲ್ಲಿನ ರಾಜಕೀಯದ ಒಂದು ಕೀಲಿ. ಇರಾನಿನಲ್ಲಿ 1978ರಲ್ಲಿ ತೈಲ ಕಾರ್ಮಿಕರು ಕೆಲಸ ನಿಲ್ಲಿಸಿದಾಗ ಶಾ ಸಿಂಹಾಸನವೇ ಅಲುಗಿತು; ಅವರು ಆ ದೇಶದ ಪ್ರಜೆಗಳು, ಅವರನ್ನು ವಿಮಾನ ಹತ್ತಿಸುವಂತಿರಲಿಲ್ಲ. ಕುವೈತಿನ ಅಂಗಡಿ, ಕಟ್ಟಡ, ಅಡುಗೆಮನೆಗಳಲ್ಲಿ ದುಡಿಯುವವನ ವೀಸಾ ಅವನ ಕಫೀಲನ ಹೆಸರಿನಲ್ಲಿದೆ. ಮುಷ್ಕರದ ಮಾತು ಎತ್ತಿದರೆ ಊರಿಗೆ ಟಿಕೆಟ್. ಬೇರೆಡೆ ಪ್ರಜಾಪ್ರಭುತ್ವಕ್ಕಾಗಿ ಹೋರಾಡಿದ ಕಾರ್ಮಿಕ ವರ್ಗವೇ ಇಲ್ಲಿ ಪೌರತ್ವದ ಆಚೆ ಇದೆ. ವೀಸಾಕ್ಕೆ ಹೆಸರು ಕೊಟ್ಟು ಹಣ ಎಣಿಸಿಕೊಳ್ಳುವ ಕಫೀಲನೂ ತನ್ನ ಮಟ್ಟದಲ್ಲಿ ಗೇಣಿಯ ಮೇಲೇ ಬದುಕುವವನು. ಈ ವ್ಯವಸ್ಥೆ ಬದಲಾಗಲಿ ಎಂದು ಅವನು ಯಾಕೆ ಬಯಸುತ್ತಾನೆ?

ಹಣ ಹಂಚಿ ಬಾಯಿ ಮುಚ್ಚಿಸಬಹುದೇ ಎಂಬುದಕ್ಕೆ 2011 ಒಳ್ಳೆಯ ಪರೀಕ್ಷೆ. ಟ್ಯುನೀಸಿಯಾ, ಈಜಿಪ್ಟ್ ಹೊತ್ತಿ ಉರಿಯುತ್ತಿದ್ದ ಆ ಜನವರಿಯಲ್ಲಿ ಅಮೀರರು ಪ್ರತಿ ಪೌರನಿಗೂ 1,000 ದಿನಾರ್ ಮತ್ತು ವರ್ಷಕ್ಕೂ ಮೀರಿ ಪುಕ್ಕಟೆ ದಿನಸಿ ಘೋಷಿಸಿದರು. ನೆಪ ಸ್ವಾತಂತ್ರ್ಯದ ಐವತ್ತನೇ ವರ್ಷ. ಅದೇ ನವೆಂಬರಿನಲ್ಲಿ ಪ್ರತಿಭಟನಾಕಾರರು ಸಂಸತ್ತಿನ ಒಳಕ್ಕೇ ನುಗ್ಗಿದರು. ಸದಸ್ಯರಿಗೆ ಲಂಚ ಕೊಡಲಾಗಿದೆ ಎಂಬುದು ಅವರ ದೂರು. ಪ್ರಧಾನಿ ರಾಜೀನಾಮೆ ಕೊಡಬೇಕಾಯಿತು. ಮುಂಚೂಣಿಯಲ್ಲಿದ್ದ ಹಲವರು, ಹಿಂದೆ ನಿಷ್ಠೆಗಾಗಿ ಪೌರತ್ವ ಪಡೆದಿದ್ದ ಬುಡಕಟ್ಟುಗಳ ಮೊಮ್ಮಕ್ಕಳು. ಪಾಲು ಕೊಟ್ಟು ಒಂದು ಪೀಳಿಗೆಯನ್ನು ಸುಮ್ಮನಿರಿಸಬಹುದು. ಎರಡನೆಯದಕ್ಕೆ ಅದು ಹಕ್ಕಾಗುತ್ತದೆ, ಮೂರನೆಯದು ಬೇರೆಯವರಿಗೆಷ್ಟು ಹೋಯಿತು ಎಂದು ಕೇಳುತ್ತದೆ.

ಆದರೆ ಸಂಸತ್ತಿನ ಸೋಲನ್ನೂ ಮುಚ್ಚಿಡಬಾರದು. ಸರ್ಕಾರ ರಚಿಸುವ ಹೊಣೆ ಇಲ್ಲದ, ತೆರಿಗೆ ಎತ್ತುವ ಕಷ್ಟ ಇಲ್ಲದ ಸದಸ್ಯರಿಗೆ ಜನಪ್ರಿಯರಾಗಲು ಇದ್ದ ಹಾದಿ ಎರಡು: ಮಂತ್ರಿಗಳನ್ನು ಬೆವರಿಳಿಸುವುದು, ಪೌರರ ಸಾಲ ಮನ್ನಾ ಮಾಡಿ ಎನ್ನುವುದು. 2016ರಲ್ಲಿ ಪೆಟ್ರೋಲ್ ದರ ಏರಿಸಿದ್ದಕ್ಕೆ ಎದ್ದ ಜಗಳದಲ್ಲೇ ಒಂದು ಸಂಸತ್ತು ವಿಸರ್ಜನೆಯಾಯಿತು. ಸಾಲ ಎತ್ತಲು ಸರ್ಕಾರಕ್ಕೆ ಅನುಮತಿ ಕೊಡುವ ಕಾನೂನು ವರ್ಷಗಟ್ಟಲೆ ಸದನದಲ್ಲಿ ಕೊಳೆಯಿತು. ಇಷ್ಟು ಗಲಾಟೆಯ ಸಂಸತ್ತನ್ನು ತೋರಿಸಿ 'ನೋಡಿ, ಪ್ರಜಾಪ್ರಭುತ್ವದಿಂದ ದುಬೈ, ಕತಾರಿಗಿಂತ ಹಿಂದೆ ಬಿದ್ದೆವು' ಎಂದು ಹೇಳುವುದು ಸುಲಭವಾಯಿತು, ನಂಬುವವರೂ ಸಿಕ್ಕರು.

ತೈಲವೇ ಎಲ್ಲಕ್ಕೂ ಕಾರಣ ಎಂಬುದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಸ್ಟೀಫನ್ ಹೇಬರ್ ಮತ್ತು ವಿಕ್ಟರ್ ಮೆನಾಲ್ಡೊ 2011ರಲ್ಲಿ, ದೇಶದೇಶಗಳನ್ನು ಹೋಲಿಸುವ ಬದಲು ಒಂದೊಂದೇ ದೇಶದ ದೀರ್ಘ ಇತಿಹಾಸವನ್ನು ಹಿಂಬಾಲಿಸಿದರೆ ತೈಲ ಹೆಚ್ಚಿದಂತೆ ಸರ್ವಾಧಿಕಾರ ಹೆಚ್ಚಿದ್ದು ಕಾಣುವುದಿಲ್ಲ ಎಂದು ವಾದಿಸಿದರು. ಕೊಲ್ಲಿಯ ಮನೆತನಗಳು ತೈಲಕ್ಕೂ ಮೊದಲೇ ಆಳುತ್ತಿದ್ದವು ಎಂಬುದು ನಿಜ. ನನ್ನ ಉತ್ತರ 1910ರಲ್ಲಿ ಮತ್ತು 1938ರಲ್ಲಿದೆ. ಅದೇ ಮನೆತನ, ಅದೇ ವರ್ತಕರು, ಅದೇ ಬಗೆಯ ಜಗಳ. ಮೊದಲ ಸಲ ದೊರೆ ಬಗ್ಗಿದ, ಎರಡನೆಯ ಸಲ ಬಗ್ಗಲಿಲ್ಲ. ನಡುವೆ ಬದಲಾದದ್ದರಲ್ಲಿ ಮುಖ್ಯವಾದದ್ದು ಹಣ ಬರುವ ದಿಕ್ಕು. ತೈಲ ದೊರೆಯನ್ನು ಹುಟ್ಟಿಸಲಿಲ್ಲ, ಅವನ ಹಂಗನ್ನು ಕಳೆಯಿತು.

2024ರ ಮೇ 10ರಂದು ಅಮೀರ್ ಮಿಶಾಲ್ ಅಲ್ ಅಹ್ಮದ್ ಸಂಸತ್ತನ್ನು ವಿಸರ್ಜಿಸಿ, ಗರಿಷ್ಠ ನಾಲ್ಕು ವರ್ಷಗಳವರೆಗೆ ಸಂವಿಧಾನದ ಕೆಲವು ವಿಧಿಗಳನ್ನು ತಡೆಹಿಡಿದರು. 107ನೇ ವಿಧಿ ಆ ಪಟ್ಟಿಯಲ್ಲಿ ಮೂರನೇ ಸಲ ಸೇರಿತು. ಬೀದಿಗೆ ದೊಡ್ಡ ಗುಂಪು ಇಳಿಯಲಿಲ್ಲ. ಅಲ್ಲಿಂದೀಚೆಗೆ ಹತ್ತಾರು ಸಾವಿರ ಜನರ ಪೌರತ್ವವನ್ನು ಸರ್ಕಾರ ರದ್ದು ಮಾಡಿದೆ. ಮದುವೆಯಿಂದ ಕುವೈತಿಗಳಾದ ಹೆಂಗಸರೇ ಅವರಲ್ಲಿ ಬಹಳ. ಪೌರತ್ವ ಹೋದರೆ ಮತ ಮಾತ್ರ ಹೋಗುವುದಿಲ್ಲ, ಪಾಲೂ ಹೋಗುತ್ತದೆ. ಕೊಡುವ ಕೈಗೆ ಕಿತ್ತುಕೊಳ್ಳುವ ಬಲವೂ ಇದೆ ಎಂಬುದನ್ನು ದಿವಾನಿಯಾಗಳಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸದನದಲ್ಲಿ ಕೊಳೆತಿದ್ದ ಸಾಲದ ಕಾನೂನು 2025ರ ಮಾರ್ಚಿನಲ್ಲಿ ಅಮೀರರ ಆಜ್ಞೆಯ ಮೂಲಕ ಬಂತು, 3,000 ಕೋಟಿ ದಿನಾರಿನ ಮಿತಿಯೊಂದಿಗೆ. ಬಹುರಾಷ್ಟ್ರೀಯ ಕಂಪನಿಗಳ ಲಾಭದ ಮೇಲೆ ಕನಿಷ್ಠ 15 ಪ್ರತಿಶತ ತೆರಿಗೆ ಅದೇ ಜನವರಿಯಿಂದ ಜಾರಿಯಲ್ಲಿದೆ. ಪೌರರ ಸಂಬಳದ ಮೇಲಿನ ತೆರಿಗೆ ಈಗಲೂ ಸೊನ್ನೆ. ನಾಲ್ಕು ವರ್ಷಗಳ ಗಡುವು 2028ರ ಮೇ ತಿಂಗಳಿಗೆ ಮುಗಿಯುತ್ತದೆ.